ಅಟ್ಟಿಗೂ ಸ್ಪ್ರಿಂಕ್ಲರ್‌ಗೂ ಎರಡೂವರೆ ಮೀಟರ್ ಜಾಗ ಇದೆ, ಆದರೂ ಎತ್ತರ ಇಳಿಸಿ ಅಂತಾರೆ. ಯಾಕೆ?

ಗೋದಾಮಿನ ಕೀಲಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಚಾವಣಿ ಎತ್ತರ ಸುಮಾರು 8.5 ಮೀಟರ್. ಮೇಲೆ ಪೂರ್ತಿ ಸ್ಪ್ರಿಂಕ್ಲರ್ ಇದೆ, ಪಂಪ್ ಇದೆ, ಟ್ಯಾಂಕ್ ಇದೆ. ಮೊದಲು ಇಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಕಬ್ಬಿಣದ ಬಿಡಿಭಾಗ ಇಡುತ್ತಿದ್ದೆವು. ಅಟ್ಟಿ ಮೂರೂವರೆ ಮೀಟರ್ ದಾಟುತ್ತಿರಲಿಲ್ಲ. ಎರಡು ವರ್ಷದಿಂದ ಸರಕು ಬದಲಾಗಿದೆ. ಈಗ ಪ್ಲಾಸ್ಟಿಕ್ ಡಬ್ಬಿ, ಕ್ರೇಟ್, ಬಬಲ್ ರ್‍ಯಾಪ್, ಫೋಮ್ ಸುರುಳಿ, ಥರ್ಮಾಕೋಲ್ ಅಚ್ಚುಗಳು. ಎಲ್ಲ ಹಗುರ, ಅದಕ್ಕೇ 5.5 ಮೀಟರ್‌ವರೆಗೆ ಪೇರಿಸುತ್ತೇವೆ.

ಹೋದ ವಾರ ಇನ್ಶೂರೆನ್ಸ್ ಸರ್ವೇಯರ್ ಬಂದು, "ಒಂದೋ ಪ್ಲಾಸ್ಟಿಕ್ಕನ್ನು 1.5 ಮೀಟರ್‌ಗೆ ಇಳಿಸಿ, ಇಲ್ಲ ಸ್ಪ್ರಿಂಕ್ಲರ್ ಬದಲಾಯಿಸಿ" ಅಂದರು. ನನಗೆ ಅರ್ಥವಾಗಲಿಲ್ಲ. ಅಟ್ಟಿಯ ತಲೆಯಿಂದ ಸ್ಪ್ರಿಂಕ್ಲರ್‌ಗೆ ಎರಡೂವರೆ ಮೀಟರ್‌ಗಿಂತ ಜಾಸ್ತಿ ಜಾಗ ಇದೆ. ಅರ್ಧ ಮೀಟರ್ ಬಿಟ್ಟರೆ ಸಾಕು ಅಂತ ಎಲ್ಲ ಕಡೆ ಬರೆದಿರುತ್ತದೆ ಅಲ್ವಾ? ಸುಮ್ನೆ ಹೆದರಿಸುತ್ತಿದ್ದಾರಾ?

ರಾತ್ರಿ ಪಾಳಿ

ಸರ್, ಸರ್ವೇಯರ್‌ಗಳು ಹಾಗೇ. ಅರ್ಧ ಮೀಟರ್ ನಿಯಮ ಸರಿಯಾಗಿದೆ, ನಾನೂ ಎರಡು ಕಡೆ ಕೆಲಸ ಮಾಡಿದ್ದೇನೆ. ಅಷ್ಟು ಬಿಟ್ಟರೆ ನೀರು ಹರಡುತ್ತದೆ, ಮುಗೀತು. ಆದರೆ ಒಂದು ವಿಷಯ. ಪ್ಲಾಸ್ಟಿಕ್ ಬೆಂಕಿಗೆ ನೀರು ಹಾಕಿ ಪ್ರಯೋಜನ ಇಲ್ಲ, ಅದು ಕರಗಿ ಎಣ್ಣೆ ಥರ ಹರಿಯುತ್ತದೆ. ನೊರೆ ಬೇಕು. ದುಡ್ಡು ಖರ್ಚು ಮಾಡುವುದಾದರೆ ಅದಕ್ಕೆ ಮಾಡಿ.

ಪೈಪ್ ಲೆಕ್ಕ

ಸ್ಪ್ರಿಂಕ್ಲರ್ ಡಿಸೈನ್ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಕೀಲಿ ಅವರೇ, ಅರ್ಧ ಮೀಟರ್ ಅನ್ನೋದು ನೀರಿನ ಛತ್ರಿ ಬಿಚ್ಚಿಕೊಳ್ಳಲು ಬೇಕಾದ ಜಾಗ, ಅಷ್ಟೇ. ಬಿಚ್ಚಿಕೊಂಡ ಛತ್ರಿಯಲ್ಲಿ ನೀರು ಎಷ್ಟಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಸರ್ವೇಯರ್ ನೋಡಿದ್ದು ಆ ಎರಡನೆಯದನ್ನು. ಇನ್ನೊಂದು ಮಾತು: ತಲೆಯ ಮೇಲೆ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಬಿಸಿಗಾಳಿ ಅಷ್ಟು ದೂರ ಏರುತ್ತಾ ಹರಡಿಕೊಳ್ಳುತ್ತದೆ. ಬಿಸಿಗೆ ಒಡೆದು ನೀರು ಬಿಡುವ ಸ್ಪ್ರಿಂಕ್ಲರ್ ಹೆಡ್‌ಗಳಲ್ಲಿ ಮೊದಲನೆಯದು ತಡವಾಗಿ ಒಡೆಯುತ್ತದೆ. ಬೀಳುವ ಹನಿಗಳು ಮೇಲೆ ನುಗ್ಗುವ ಬಿಸಿಗಾಳಿಯ ವಿರುದ್ಧ ಇನ್ನಷ್ಟು ದೂರ ಇಳಿಯಬೇಕಾಗುತ್ತದೆ.

1.5 ಮೀಟರ್ ಎಲ್ಲಿಂದ ಬಂತು ಅಂದರೆ, ಎನ್‌ಎಫ್‌ಪಿಎ 13 ಅನ್ನುವ ಅಮೆರಿಕದ ಸ್ಪ್ರಿಂಕ್ಲರ್ ಮಾನದಂಡದಲ್ಲಿ ಸಾಮಾನ್ಯ ಸರಕು 3.7 ಮೀಟರ್ ದಾಟಿದ ಮೇಲೆ ಎತ್ತರದ ಸಂಗ್ರಹ ಅನ್ನಿಸಿಕೊಳ್ಳುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ ಆದರೆ 1.5 ಮೀಟರ್‌ಗೇ ಆ ಗೆರೆ ಬರುತ್ತದೆ. ನಿಮ್ಮ ಹಳೇ ಅಟ್ಟಿ ಮೂರೂವರೆ ಮೀಟರ್. ಯಾರೋ ಲೆಕ್ಕ ಗೊತ್ತಿದ್ದವರೇ ಆ ಎತ್ತರ ಇಟ್ಟಿದ್ದಾರೆ. ನಿಮ್ಮ ವ್ಯವಸ್ಥೆ ಆ ಸರಕಿಗೆ ಮಾಡಿದ್ದು. ಪೈಪು ಅದೇ ಇದೆ, ಕೆಳಗಿನ ಸರಕು ಮಾತ್ರ ಬದಲಾಗಿದೆ.

ರಾತ್ರಿ ಪಾಳಿ ಹೇಳಿದ್ದರಲ್ಲಿ ಅರ್ಧ ನಿಜ. ಪ್ಲಾಸ್ಟಿಕ್ ಕರಗಿ ನೆಲದ ಮೇಲೆ ಉರಿಯುತ್ತಾ ಹರಿಯುತ್ತದೆ, ಅದು ಹೌದು. ಆದರೆ ಸ್ಪ್ರಿಂಕ್ಲರ್ ನೀರಿನ ಮುಖ್ಯ ಕೆಲಸ ಇನ್ನೂ ಹೊತ್ತದ ಅಟ್ಟಿಯನ್ನು ಒದ್ದೆ ಮಾಡುವುದು, ಚಾವಣಿಯ ಬಿಸಿ ಇಳಿಸುವುದು. ಸಾಕಷ್ಟು ನೀರು ಸಾಕಷ್ಟು ಬೇಗ ಬಿದ್ದರೆ ಪ್ಲಾಸ್ಟಿಕ್ ಬೆಂಕಿಯೂ ನಿಲ್ಲುತ್ತದೆ. ಪ್ಲಾಸ್ಟಿಕ್ ಗೋದಾಮುಗಳನ್ನು ಬಹುಪಾಲು ಬರೀ ನೀರಿನಿಂದಲೇ ಕಾಯುವುದು.

ಗೋದಾಮಿನ ಕೀಲಿ

ಮೇಡಂ ಅಥವಾ ಸರ್, ತುಂಬ ಥ್ಯಾಂಕ್ಸ್. ಆದರೆ ಮೂರೂವರೆಯಿಂದ ಐದೂವರೆಗೆ ಹೋಗಿದ್ದು ಎರಡೇ ಮೀಟರ್. ಅಷ್ಟಕ್ಕೆ ವ್ಯವಸ್ಥೆಯನ್ನೇ ಬದಲಾಯಿಸಬೇಕಾ? ನೀರಿನ ಒತ್ತಡ ಸ್ವಲ್ಪ ಏರಿಸಿದರೆ ಆಗಲ್ವಾ? ನಮ್ಮ ಪಂಪ್ ದೊಡ್ಡದೇ ಇದೆ.

ಪೈಪ್ ಲೆಕ್ಕ

ಮೇಡಂ ಅನ್ನಿ ಪರವಾಗಿಲ್ಲ. :)

ಒಳ್ಳೇ ಪ್ರಶ್ನೆ, ಲೆಕ್ಕ ಹಾಕೇ ಬಿಡೋಣ. ನಿಮ್ಮ ಹಳೇ ಸರಕಿಗೆ ಸಾಮಾನ್ಯವಾಗಿ ನಿಮಿಷಕ್ಕೆ ಪ್ರತಿ ಚದರ ಮೀಟರ್‌ಗೆ 8.1 ಲೀಟರ್, ಒಂದೇ ಸಲ ಹೆಡ್ ಒಡೆಯಬಹುದಾದ 140 ಚದರ ಮೀಟರ್ ಜಾಗಕ್ಕೆ ಅಂತ ಡಿಸೈನ್ ಮಾಡುತ್ತಾರೆ. ನಿಮ್ಮದೂ ಹಾಗೇ ಅಂದುಕೊಳ್ಳುತ್ತೇನೆ. ಒಂದು ಹೆಡ್ 12 ಚದರ ಮೀಟರ್ ಕಾಯುತ್ತದೆ ಅಂದರೆ ಅದರಿಂದ ನಿಮಿಷಕ್ಕೆ 97 ಲೀಟರ್ ಬರಬೇಕು. ಹೆಡ್‌ನ ತೂತು ಎಷ್ಟು ನೀರು ಬಿಡುತ್ತದೆ ಅನ್ನುವ ಅಳತೆಗೆ ಕೆ ಅಂಕ ಅನ್ನುತ್ತಾರೆ, ಮಾಮೂಲಿ ಹೆಡ್‌ನದು 80. ಸೂತ್ರ ಇಷ್ಟೇ, Q ಅಂದರೆ ನೀರು, P ಅಂದರೆ ಒತ್ತಡ:

```
Q = K × √P
P = (97 / 80)² ≈ 1.5 bar
```

ಒಂದೂವರೆ ಬಾರ್. ಯಾವ ಪಂಪಿಗೂ ಇದು ಲೆಕ್ಕಕ್ಕಿಲ್ಲ.

ಈಗ ಪೆಟ್ಟಿಗೆಯೊಳಗಿನ ಗಟ್ಟಿ ಪ್ಲಾಸ್ಟಿಕ್, ಐದೂವರೆ ಮೀಟರ್ ಅಟ್ಟಿ. ಬೇಕಾದ ನೀರು ನಿಮಿಷಕ್ಕೆ ಪ್ರತಿ ಚದರ ಮೀಟರ್‌ಗೆ 24 ಲೀಟರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಜಾಗವೂ 230 ಚದರ ಮೀಟರ್ ಆಗುತ್ತದೆ. ಅದೇ ಹೆಡ್ಡು, ಅದೇ 12 ಚದರ ಮೀಟರ್ ಆದರೆ:

```
24 × 12 = 288 L/min
P = (288 / 80)² ≈ 13 bar
```

ಮೂರು ಪಟ್ಟು ನೀರಿಗೆ ಒಂಬತ್ತು ಪಟ್ಟು ಒತ್ತಡ. ಚಾವಣಿಯ ಕೊನೇ ಹೆಡ್‌ನಲ್ಲಿ 13 ಬಾರ್ ಬರಿಸುವುದು ಆಗದ ಮಾತು. ಹೆಡ್‌ಗಳನ್ನು ಹತ್ತಿರ ತಂದು 9 ಚದರ ಮೀಟರ್‌ಗೆ ಒಂದು ಮಾಡಿದರೂ 7 ಬಾರ್ ದಾಟುತ್ತದೆ. ಅದೂ ಆಯಿತು ಅಂದುಕೊಳ್ಳಿ, ಅಷ್ಟು ಒತ್ತಡದಲ್ಲಿ ಸಣ್ಣ ತೂತಿನಿಂದ ಬರುವುದು ಮಂಜಿನಂಥ ಸಣ್ಣ ಹನಿ. ಕೆಳಗಿನಿಂದ ನುಗ್ಗುವ ಬಿಸಿಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಗೋದಾಮಿಗೆ ದೊಡ್ಡ ತೂತಿನ ಹೆಡ್. ಕೆ 160 ಇದ್ದರೆ ಅದೇ 288 ಲೀಟರ್ ಸುಮಾರು 3.2 ಬಾರ್‌ನಲ್ಲೇ ಬರುತ್ತದೆ, ಹನಿಯೂ ದಪ್ಪ.

ಆಮೇಲೆ ಟ್ಯಾಂಕ್. ಮೊದಲಿಗೆ ನಿಮಿಷಕ್ಕೆ ಸುಮಾರು 1,130 ಲೀಟರ್ ಬೇಕಿತ್ತು. ಈಗ 5,500ರ ಮೇಲೆ. ಗಂಟೆಗೆ ಲೆಕ್ಕ ಹಾಕಿದರೆ 68 ಘನ ಮೀಟರ್ ಇದ್ದದ್ದು 330 ಆಗುತ್ತದೆ. ಬೆಂಕಿ ಪಡೆಯವರ ಮೆದುಗೊಳವೆಗೆ ಬೇಕಾದ್ದು ಬೇರೆ. ನಿಮ್ಮ ಪಂಪ್ ದೊಡ್ಡದು ಅಂದಿರಿ, ಎಷ್ಟು ದೊಡ್ಡದು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇದಿಷ್ಟೂ ಗಟ್ಟಿ ಪ್ಲಾಸ್ಟಿಕ್‌ಗೆ. ನಿಮ್ಮಲ್ಲಿ ಬಿಚ್ಚು ಫೋಮ್, ಥರ್ಮಾಕೋಲ್ ಇದೆಯಲ್ಲ, ಅದಕ್ಕೆ ಇನ್ನೂ ಜಾಸ್ತಿ.

ಲೆಕ್ಕ ಬಾರದವನು

ಒಂದು ದಡ್ಡ ಪ್ರಶ್ನೆ. ಥರ್ಮಾಕೋಲ್‌ನಲ್ಲಿ ಇರೋದು ಹೆಚ್ಚುಕಡಿಮೆ ಪೂರ್ತಿ ಗಾಳಿ. ತೂಕವೇ ಇಲ್ಲ. ಉರಿಯೋಕೆ ಏನಿದೆ ಅದರಲ್ಲಿ? ಗಟ್ಟಿ ಪ್ಲಾಸ್ಟಿಕ್ಕೇ ಜಾಸ್ತಿ ಅಪಾಯ ಆಗಬೇಕಲ್ವಾ?

ಪೈಪ್ ಲೆಕ್ಕ

ದಡ್ಡ ಪ್ರಶ್ನೆ ಅಲ್ಲ. ಒಟ್ಟು ಶಾಖ ನೋಡಿದರೆ ನೀವು ಹೇಳಿದ್ದೇ ಸರಿ. ಆದರೆ ಸ್ಪ್ರಿಂಕ್ಲರ್ ಸೋಲುವುದು ಒಟ್ಟು ಶಾಖಕ್ಕಲ್ಲ, ವೇಗಕ್ಕೆ. ಸೌದೆ ಕೊರಡಿಗೂ ಅದರ ಹೊಟ್ಟಿಗೂ ಇರುವ ವ್ಯತ್ಯಾಸ ಯೋಚಿಸಿ. ಫೋಮ್‌ಗೆ ಬಿಸಿಯನ್ನು ಒಳಗೆ ಎಳೆದುಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಮೇಲ್ಮೈ ಕ್ಷಣದಲ್ಲಿ ಕಾದು ಹೊತ್ತಿಕೊಳ್ಳುತ್ತದೆ. ಅಟ್ಟಿಗಳ ನಡುವಿನ ಸಂದಿ ಚಿಮಣಿಯಾಗುತ್ತದೆ. ಅಟ್ಟಿ ಎತ್ತರ ಆದಷ್ಟೂ ಚಿಮಣಿ ಉದ್ದ, ಎಳೆತ ಜೋರು, ಒಂದೇ ಸಲಕ್ಕೆ ಉರಿಯುವ ಮೈ ಜಾಸ್ತಿ.

ಮೇಲೆ ಏನಾಗುತ್ತದೆ ಅಂದರೆ, ಕೆಂಪು ಗಾಜಿನ ಹೆಡ್ 68 ಡಿಗ್ರಿಗೆ ಒಡೆಯುತ್ತದೆ. ಬೆಂಕಿಯ ನೇರ ಮೇಲಿನ ನಾಲ್ಕು ಹೆಡ್ ಒಡೆದು ಬೆಂಕಿ ತಗ್ಗಿದರೆ ಸರಿ. ತಗ್ಗದಿದ್ದರೆ ಬಿಸಿ ಚಾವಣಿಯುದ್ದಕ್ಕೂ ಓಡುತ್ತದೆ, ದೂರದ ಹೆಡ್‌ಗಳೂ ಒಡೆಯುತ್ತವೆ. ಇದ್ದ ನೀರು ನಲವತ್ತು ಐವತ್ತು ಕಡೆ ಹಂಚಿ ಹೋಗಿ, ಬೆಂಕಿಯ ಮೇಲೆ ಬೀಳುವುದೇ ಕಡಿಮೆ ಆಗುತ್ತದೆ. ಹೊರಗಿನಿಂದ ನೋಡಿದವರು "ಸ್ಪ್ರಿಂಕ್ಲರ್ ಎಲ್ಲ ಚಾಲೂ ಆಗಿತ್ತು, ಆದರೂ ಉಳೀಲಿಲ್ಲ" ಅನ್ನುತ್ತಾರೆ. ಎಲ್ಲ ಚಾಲೂ ಆಗಿದ್ದೇ ಸೋಲಿನ ಗುರುತು.

ಫೋರ್ಕ್‌ಲಿಫ್ಟ್ ಗೆಳೆಯ

ಎತ್ತರದ್ದು ದೊಡ್ಡವರ ಲೆಕ್ಕ, ಮಾಡ್ಕೊಳ್ಳಿ. ನಾನು ನೆಲದ ವಿಷಯ ಹೇಳ್ತೀನಿ. ನಮ್ಮಲ್ಲಿ ಒಂದು ಸಲ ಹೊಗೆ ಬಂದಿತ್ತು. ಹುಡುಕಿದರೆ ಫೋರ್ಕ್‌ಲಿಫ್ಟ್‌ನ ಮುಂದಿನ ಚಕ್ರದ ಅಚ್ಚಿಗೆ ಸ್ಟ್ರೆಚ್ ಫಿಲ್ಮ್ ಸುತ್ತಿಕೊಂಡು, ಕಾದು, ಕರಗುತ್ತಾ ಇತ್ತು. ಬಿಚ್ಚಿದ ಫಿಲ್ಮನ್ನು ಹುಡುಗರು ಅಲ್ಲೇ ದಾರಿಯಲ್ಲಿ ಎಸೆದಿದ್ದರು. ನಾನು ಗಾಡಿ ನಿಲ್ಲಿಸಿದ್ದು ಥರ್ಮಾಕೋಲ್ ಅಟ್ಟಿ ಪಕ್ಕದಲ್ಲೇ. ಅವತ್ತಿನಿಂದ ಪಾಳಿ ಶುರುವಾಗುವ ಮುಂಚೆ ಬಗ್ಗಿ ಚಕ್ರದ ಕೆಳಗೆ ನೋಡ್ತೀನಿ. ನಗ್ತಾರೆ, ನಗಲಿ.

ಇನ್ನೊಂದು, ಪ್ಯಾಲೆಟ್ ಮೇಲಿನ ಕವರ್ ಬಿಗಿಯಾಗಲಿ ಅಂತ ಗ್ಯಾಸ್ ಗನ್ ಹಿಡಿದು ಬಿಸಿ ಮಾಡ್ತಾರಲ್ಲ, ಅದನ್ನ ಅಟ್ಟಿಗಳ ನಡುವೆಯೇ ಮಾಡ್ತಾರೆ. ಬೆಂಕಿ ಉಗುಳೋ ಸಾಮಾನು ಕಣ್ರೀ ಅದು!

ರಾತ್ರಿ ಪಾಳಿ

ಗ್ಯಾಸ್ ಗನ್ ನಾವೂ ಬಳಸ್ತೀವಿ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಕೋತೀವಿ. ಇದುವರೆಗೆ ಏನೂ ಆಗಿಲ್ಲ.

ಹಳೇ ಫಿಟ್ಟರ್

ಇದುವರೆಗೆ ಏನೂ ಆಗಿಲ್ಲ ಅಂದರೆ ಆಯಿತೇನಪ್ಪಾ? ಕಿಡಿ ಅಥವಾ ಬಿಸಿ ತುಣುಕು ರಟ್ಟಿನ ಮಡಿಕೆಯೊಳಗೆ ಹೋದರೆ ಒಂದು ಗಂಟೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ನೀವು ಊಟಕ್ಕೆ ಹೋಗಿರ್ತೀರಿ. ವೆಲ್ಡಿಂಗ್ ಮುಗಿದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಒಬ್ಬ ಅಲ್ಲೇ ಕೂತಿರಬೇಕು ಅಂತ ಮಾಡಿರೋದು ಇದಕ್ಕೇ. ಗ್ಯಾಸ್ ಗನ್‌ಗೂ ಅದೇ ಮಾಡಿ, ಅಥವಾ ಅದನ್ನ ಬಿಟ್ಟು ಸ್ಟ್ರೆಚ್ ಫಿಲ್ಮ್ ಸುತ್ತಿ.

ಕಸದ ಮಾತು ಬಂತಲ್ಲ, ಜಪಾನಿನ ಸೈತಾಮಾದಲ್ಲಿ 2017ರ ಫೆಬ್ರವರಿಯಲ್ಲಿ ಒಂದು ದೊಡ್ಡ ಗೋದಾಮು ಉರೀತು. ಆನ್‌ಲೈನ್ ಆರ್ಡರ್ ಕಳಿಸೋ ಜಾಗ. ಬೆಂಕಿ ಶುರುವಾಗಿದ್ದು ಬೆಲೆಬಾಳೋ ಸರಕಿನಲ್ಲಲ್ಲ, ಕೆಳಮಹಡಿಯಲ್ಲಿ ಹಳೇ ರಟ್ಟು ಗುಡ್ಡೆ ಹಾಕೋ ಕೋಣೆಯಲ್ಲಿ. ಪೂರ್ತಿ ಆರೋಕೆ ಹನ್ನೆರಡು ದಿನ ಹಿಡೀತು. ಸುಟ್ಟಿದ್ದು ಸುಮಾರು 45,000 ಚದರ ಮೀಟರ್. ಬೆಂಕಿ ತಡೆಯೋ ಶಟರ್‌ಗಳು ಹಲವು ಕಡೆ ಪೂರ್ತಿ ಇಳಿಯಲೇ ಇಲ್ಲ. ಕೀಲಿ ಅವರೇ, ನಿಮ್ಮ ರಟ್ಟು, ಫಿಲ್ಮು ಎಲ್ಲಿ ಗುಡ್ಡೆ ಬೀಳುತ್ತೆ? ಶಟರ್ ಕೆಳಗೆ ಏನಿದೆ? ಹೋಗಿ ನೋಡಿ.

ಗೋದಾಮಿನ ಕೀಲಿ

ನೋಡಿ ಬಂದೆ. ಶಟರ್ ಕೆಳಗೆ ಖಾಲಿ ಪ್ಯಾಲೆಟ್. ಹೇಳೋಕೆ ನಾಚಿಕೆ. ಕಸ ರ್‍ಯಾಂಪ್ ಪಕ್ಕದ ಮೂಲೆಯಲ್ಲಿ, ವಾರಕ್ಕೆರಡು ಸಲ ಗಾಡಿ ಬರುತ್ತದೆ. ನಡುವೆ ಎದೆಮಟ್ಟ ಬರುತ್ತದೆ. ಅದರಿಂದ ನಾಲ್ಕು ಹೆಜ್ಜೆಗೆ ಫೋರ್ಕ್‌ಲಿಫ್ಟ್ ಚಾರ್ಜಿಂಗ್.

ಹಳೇ ಫಿಟ್ಟರ್

ಚಾರ್ಜಿಂಗ್ ಜಾಗ ಮೊದಲು ಬೇರೆ ಮಾಡಿ. ಖಾಲಿ ಪ್ಯಾಲೆಟ್‌ನ್ನು ಸುಮ್ನೆ ಮರ ಅನ್ಕೋಬೇಡಿ. ಎಲ್ಲ ಕಡೆಯಿಂದ ಗಾಳಿ ಆಡುತ್ತೆ, ಒಳಗೆ ನೀರು ತಲುಪಲ್ಲ, ಸೌದೆ ಒಟ್ಟಿದ ಹಾಗೆ. ಒಳಗೇ ಇಡಬೇಕಾದರೆ ಮರದ್ದು 1.8 ಮೀಟರ್ ದಾಟಬಾರದು, ನಾಲ್ಕು ಅಟ್ಟಿಗೊಂದು ಗುಂಪು, ಗುಂಪುಗಳ ನಡುವೆ ಎರಡೂವರೆ ಮೀಟರ್ ಬಿಡಬೇಕು. ಪ್ಲಾಸ್ಟಿಕ್ ಪ್ಯಾಲೆಟ್ ಆದರೆ ಅದಕ್ಕಿಂತ ಬಿಗಿ. ಸುಲಭದ ದಾರಿ ಅಂದರೆ ಹೊರಗೆ ಹಾಕೋದು.

ಲೆಕ್ಕ ಬಾರದವನು

ನಾವು ಹೊರಗೇ ಹಾಕಿದ್ದೀವಿ, ಗೋಡೆಗೆ ಒರಗಿಸಿ. ಸೂರಿನ ಕೆಳಗೆ ಮಳೆ ಬೀಳಲ್ಲ.

ಹಳೇ ಫಿಟ್ಟರ್

ಅಯ್ಯೋ ತಮ್ಮಾ. ಅದು ಒಳಗಿದ್ದರೆ ಮೇಲೆ ಸ್ಪ್ರಿಂಕ್ಲರ್ ಆದರೂ ಇರ್ತಿತ್ತು. ಈಗ ಉರಿದರೆ ಸೂರಿನ ಸಂದಿಯಿಂದ ಚಾವಣಿಯೊಳಗೆ ನುಗ್ಗುತ್ತೆ. ಗೋಡೆಯಿಂದ ದೂರ ತಗೊಂಡು ಹೋಗಿ, ಎಷ್ಟು ದೂರ ಅನ್ನೋದು ಗುಡ್ಡೆ ಎಷ್ಟು ದೊಡ್ಡದು, ಗೋಡೆ ಯಾವುದು ಅನ್ನೋದರ ಮೇಲೆ ಹೋಗುತ್ತೆ.

ಪೈಪ್ ಲೆಕ್ಕ

ಫಿಟ್ಟರ್ ಅಣ್ಣ ಸರಿಯಾಗಿ ಹೇಳಿದರು. ಕ್ರೇಟ್ ಬಗ್ಗೆ ಒಂದು ಸೇರಿಸುತ್ತೇನೆ. ಖಾಲಿ ಕ್ರೇಟನ್ನು ಬಾಯಿ ಮೇಲೆ ಮಾಡಿ ಇಟ್ಟರೆ ಮೇಲಿನ ಸಾಲು ಬಕೆಟ್ಟಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ಅಟ್ಟಿಗೆ ಹರಿಯಬೇಕಾದ ನೀರು ಅಲ್ಲೇ ನಿಲ್ಲುತ್ತದೆ, ಮೇಲೆ ತೂಕ ಬೇರೆ. ಬೋರಲು ಹಾಕಿ ಅಥವಾ ಮೇಲೆ ಮುಚ್ಚಿ. ಕಾಸು ಖರ್ಚಿಲ್ಲದ ಕೆಲಸ.

ಕೀಲಿ ಅವರೇ, ನೀವು ಒಂದು ಕೆಲಸ ಮಾಡಿ. ಮುಖ್ಯ ಪೈಪ್ ನೆಲದಿಂದ ಮೇಲೇಳುವ ಕಡೆ, ವಾಲ್ವ್ ಹತ್ತಿರ, ಒಂದು ಲೋಹದ ಅಥವಾ ಪ್ಲಾಸ್ಟಿಕ್ ಫಲಕ ತೂಗುಬಿಟ್ಟಿರುತ್ತಾರೆ. ಎಷ್ಟು ನೀರು, ಎಷ್ಟು ಜಾಗಕ್ಕೆ, ಯಾವ ಒತ್ತಡದಲ್ಲಿ ಅಂತ ಬರೆದಿರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಇಲ್ಲಿ ನಾನು ಊಹೆ ಮಾಡಿದ್ದೆಲ್ಲ ಅಲ್ಲಿ ಇರುತ್ತದೆ. ಹೆಡ್ ಮೇಲಿನ ಗುರುತನ್ನೂ ನೋಡಿ.

ಎಚ್ಚರದ ಮನುಷ್ಯ

ನನ್ನದೊಂದು ಅನುಮಾನ. ಹೊಗೆ ಸೆನ್ಸರ್ ಕೂಗಿದರೆ ಸ್ಪ್ರಿಂಕ್ಲರ್ ಎಲ್ಲ ಒಟ್ಟಿಗೆ ಬಿಡುತ್ತೆ ಅಲ್ವಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ. ನಮ್ಮಲ್ಲಿ ಧೂಳಿಗೆ ಸೆನ್ಸರ್ ಸುಮ್ಮನೆ ಕೂಗುತ್ತೆ. ಸರಕು ನೆನೆಯಬಾರದು ಅಂತ ನಮ್ಮ ಕಾವಲುಗಾರರು ಮೊದಲು ಅದನ್ನ ರಿಸೆಟ್ ಮಾಡಿ, ಆಮೇಲೆ ಹೋಗಿ ನೋಡ್ತಾರೆ.

ಪೈಪ್ ಲೆಕ್ಕ

ಮಾಮೂಲಿ ನೀರು ತುಂಬಿದ ಪೈಪಿನ ವ್ಯವಸ್ಥೆಯಲ್ಲಿ ಹಾಗಲ್ಲ. ಸೆನ್ಸರ್ ಎಷ್ಟು ಕೂಗಿದರೂ ಹನಿ ಬೀಳುವುದಿಲ್ಲ. ಬಿಸಿ ತಾಗಿದ ಹೆಡ್ ಮಾತ್ರ ಒಡೆಯುತ್ತದೆ. ಆದರೆ ಸೆನ್ಸರ್ ಹೇಳಿದ ಮೇಲೇ ಪೈಪಿಗೆ ನೀರು ಬಿಡುವ ವ್ಯವಸ್ಥೆಗಳೂ ಇವೆ. ನಿಮ್ಮದು ಯಾವುದು ಅಂತ ತಿಳಿಯದೆ ರಿಸೆಟ್ ಒತ್ತಬೇಡಿ.

ದಕ್ಷಿಣ ಕೊರಿಯಾದ ಇಚೋನ್‌ನಲ್ಲಿ 2021ರ ಜೂನ್ 17ರಂದು ಒಂದು ದೊಡ್ಡ ಗೋದಾಮು ಸುಟ್ಟಿತು. ನೆಲಮಾಳಿಗೆಯಲ್ಲಿ ವಿದ್ಯುತ್ ಪ್ಲಗ್ ಹತ್ತಿರ ಕಿಡಿ. ಅಲಾರಂ ಸುಳ್ಳು ಅಂದುಕೊಂಡು ಆರು ಸಲ ನಿಲ್ಲಿಸಿದ್ದರು ಅಂತ ಪೊಲೀಸರು ಹೇಳಿದರು. ಅದರಿಂದ ಸ್ಪ್ರಿಂಕ್ಲರ್ ಶುರುವಾಗುವುದೂ ತಡವಾಯಿತು. ಒಳಗೆ ಹೋದ ಅಗ್ನಿಶಾಮಕ ಅಧಿಕಾರಿಯೊಬ್ಬರು ವಾಪಸ್ ಬರಲಿಲ್ಲ. ಕ್ರಮ ತಿರುಗಿಸಿ: ಮೊದಲು ನೋಡಿ, ಆಮೇಲೆ ರಿಸೆಟ್.

ಹಳೇ ಫಿಟ್ಟರ್

ವಾಲ್ವ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಪ್ರಿಂಕ್ಲರ್ ಇದ್ದೂ ನೀರು ಬರದೇ ಹೋದ ಕಡೆ ಹೆಚ್ಚಿನ ಸಲ ಕಾರಣ ಒಂದೇ, ಯಾರೋ ಮುಚ್ಚಿದ್ದರು. ರಿಪೇರಿಗೆ ಮುಚ್ಚಿ ಮರೆತದ್ದು. ಗೇಜ್ ನೋಡಿ ಮೋಸ ಹೋಗಬೇಡಿ. ವಾಲ್ವ್ ಮುಚ್ಚಿದ್ದರೂ ಒಳಗೆ ಸಿಕ್ಕಿಹಾಕಿಕೊಂಡ ನೀರಿನ ಒತ್ತಡ ಗೇಜ್‌ನಲ್ಲಿ ಚೆನ್ನಾಗೇ ಕಾಣುತ್ತೆ. ಮುಖ್ಯ ಡ್ರೈನ್ ಪೂರ್ತಿ ತೆಗೆದು ನೋಡಿ. ನೀರು ಹರಿಯುವಾಗ ಗೇಜ್ ಎಷ್ಟಕ್ಕೆ ನಿಲ್ಲುತ್ತೆ ಅಂತ ಬರೆದಿಡಿ. ಹೋದ ಸಲಕ್ಕಿಂತ ತುಂಬ ಇಳಿದಿದ್ದರೆ ಹಿಂದೆ ಎಲ್ಲೋ ವಾಲ್ವ್ ಅರ್ಧ ಮುಚ್ಚಿದೆ, ಅಥವಾ ಪೈಪು ಕಟ್ಟಿಕೊಂಡಿದೆ.

ಗೋದಾಮಿನ ಕೀಲಿ

ಫಲಕ ಸಿಕ್ಕಿತು, ಧೂಳು ಒರೆಸಿ ಓದಿದೆ. ಮೇಡಂ ಊಹಿಸಿದ್ದೇ: 8.1, 140 ಚದರ ಮೀಟರ್. ಹೆಡ್ ಕೆ 80. ಟ್ಯಾಂಕ್ 100 ಘನ ಮೀಟರ್. ಅಂದರೆ ಪ್ಲಾಸ್ಟಿಕ್ ಲೆಕ್ಕದಲ್ಲಿ ಹದಿನೆಂಟು ನಿಮಿಷಕ್ಕೆ ಖಾಲಿ, ಅಲ್ವಾ?

ಮಾಲೀಕರ ಹತ್ತಿರ ಮಾತಾಡಿದೆ. ಬೇಗ ಒಡೆಯುವ ದೊಡ್ಡ ಹೆಡ್ ಇದೆಯಂತೆ, ಇಎಸ್‌ಎಫ್‌ಆರ್ ಅಂತೆ, ಅದನ್ನೇ ಹಾಕಿಸಿದರೆ ಎಲ್ಲ ಸರಿಹೋಗುತ್ತಾ ಅಂತ ಕೇಳ್ತಿದ್ದಾರೆ.

ಪೈಪ್ ಲೆಕ್ಕ

ಹದಿನೆಂಟು ನಿಮಿಷ ಲೆಕ್ಕ ಸರಿ, ಅದೂ ಪಂಪ್ ಅಷ್ಟು ಎಳೆದರೆ.

ಇಎಸ್‌ಎಫ್‌ಆರ್ ಒಳ್ಳೇದೇ. ಕೆ 200 ಇರುವ ಹೆಡ್, 9 ಮೀಟರ್ ಚಾವಣಿ, ಏಳೂವರೆ ಮೀಟರ್‌ವರೆಗಿನ ಪೆಟ್ಟಿಗೆಯೊಳಗಿನ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ಹನ್ನೆರಡು ಹೆಡ್, ಒಂದೊಂದಕ್ಕೆ 3.4 ಬಾರ್ ಅಂತ ಲೆಕ್ಕ. ನಿಮಿಷಕ್ಕೆ ಸುಮಾರು 4,400 ಲೀಟರ್. ಹಾಗಾಗಿ ಪಂಪು, ಟ್ಯಾಂಕು, ಪೈಪು ಮೂರೂ ಬದಲಾಗುತ್ತವೆ, ಬರೀ ಹೆಡ್ ತಿರುಗಿಸಿ ಹಾಕಿದರೆ ಆಗುವುದಿಲ್ಲ. ಕೆಳಗೆ ಕನಿಷ್ಠ 0.9 ಮೀಟರ್ ಖಾಲಿ ಇರಬೇಕು. ಹೆಡ್ ಹತ್ತಿರ ದೀಪ, ಗಾಳಿ ಕೊಳವೆ, ತೊಲೆ ಅಡ್ಡ ಬಂದರೆ ಅದು ತುಂಬ ಮುನಿಸಿಕೊಳ್ಳುತ್ತದೆ. ಮೊದಲ ಹನಿಗಳು ನೇರ ಬೆಂಕಿಯ ಮೇಲೇ ಬೀಳಬೇಕು, ಅದರ ಬಲವೇ ಅದು.

ಬಿಚ್ಚು ಫೋಮ್‌ಗೆ ಮಾತ್ರ ಕಣ್ಣು ಮುಚ್ಚಿ ಇದನ್ನು ನಂಬಬೇಡಿ. ಯಾವ ಹೆಡ್‌ಗೆ ಯಾವ ಸರಕು, ಎಷ್ಟು ಎತ್ತರ ಒಪ್ಪಿಗೆ ಅಂತ ಅದರ ಪಟ್ಟಿಯಲ್ಲೇ ನೋಡಬೇಕು. ನಾನಾಗಿದ್ದರೆ ಥರ್ಮಾಕೋಲ್, ಫೋಮ್ ಎರಡನ್ನೂ ಬೆಂಕಿ ತಡೆಯುವ ಗೋಡೆಯ ಆಚೆ ಸಣ್ಣ ಕೋಣೆಗೆ ಹಾಕಿ, ಅದೊಂದಕ್ಕೇ ಬಲವಾದ ವ್ಯವಸ್ಥೆ ಮಾಡುತ್ತಿದ್ದೆ. ದೊಡ್ಡ ಹಾಲ್‌ನ ಖರ್ಚು ಇಳಿಯುತ್ತದೆ.

ಹಳೇ ಫಿಟ್ಟರ್

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ ಮೇಡಂ. ಬೇರೆ ಕೋಣೆ ಕಟ್ಟಿದರೆ ಮೂರು ತಿಂಗಳು ಅಲ್ಲಿ ಇಡ್ತಾರೆ. ಸೀಸನ್ ಬಂದಾಗ ತುಂಬಿ, ಉಳಿದದ್ದು ಮತ್ತೆ ಹಾಲ್‌ಗೇ ಬರುತ್ತೆ. ನಾನು ನೋಡಿದ ಕಡೆಯೆಲ್ಲ ಹಾಗೇ ಆಗಿದೆ. ರ್‍ಯಾಕ್ ಹಾಕಿಸಿ, ರ್‍ಯಾಕ್ ಒಳಗೇ ಸ್ಪ್ರಿಂಕ್ಲರ್ ಕೊಡಿ. ಬೆಂಕಿ ಹತ್ತಿರವೇ ನೀರು.

ಫೋರ್ಕ್‌ಲಿಫ್ಟ್ ಗೆಳೆಯ

ರ್‍ಯಾಕ್ ಒಳಗಿನ ಪೈಪಿಗೆ ನಾವು ತಿಂಗಳಿಗೊಂದು ಸಲ ಫೋರ್ಕ್ ಗುದ್ದುತ್ತೀವಿ ಅಣ್ಣಾ. ಆಮೇಲೆ ಅದನ್ನ ಮುಚ್ಚಿ ಇಡ್ತಾರೆ. ನೀವೇ ಹೇಳಿದ್ರಲ್ಲ ವಾಲ್ವ್ ಕತೆ.

ಹಳೇ ಫಿಟ್ಟರ್

ಗುದ್ದದ ಹಾಗೆ ಓಡಿಸಿ ಅಂತ ಹೇಳೋಣ ಅಂದ್ಕೊಂಡೆ, ಬೇಡ ಬಿಡಿ.

ಎಚ್ಚರದ ಮನುಷ್ಯ

ಹೊಗೆ ಹೋಗೋಕೆ ಚಾವಣಿಯಲ್ಲಿ ತಾನೇ ತೆರೆಯೋ ಕಿಂಡಿ ಇಟ್ಟರೆ? ಬಿಸಿ ಮೇಲೆ ಹೋಗಿಬಿಡುತ್ತೆ.

ಪೈಪ್ ಲೆಕ್ಕ

ಇದರ ಬಗ್ಗೆ ನಮ್ಮವರಲ್ಲೇ ಜಗಳ ಇದೆ. ಬೇಗ ತೆರೆದರೆ ಬಿಸಿ ಹೊರಗೆ ಹೋಗಿ ಹೆಡ್ ತಡವಾಗಿ ಒಡೆಯಬಹುದು. ಇಎಸ್‌ಎಫ್‌ಆರ್‌ಗೆ ಆ ಮೊದಲ ನಿಮಿಷವೇ ಪ್ರಾಣ. ಇನ್ನೊಂದು ಕಡೆ, ಒಳಗೆ ಹೋಗುವ ಅಗ್ನಿಶಾಮಕದವರಿಗೆ ಕಣ್ಣು ಕಾಣಬೇಕು. ಕೈಯಿಂದ ತೆರೆಯುವ ಕಿಂಡಿ ಇಡಿ, ಅವರು ಬಂದ ಮೇಲೆ ತೆರೆಯಲಿ ಅನ್ನುವುದು ನನ್ನ ಮತ. ಬೇರೆ ಮತದವರೂ ಇದ್ದಾರೆ.

ಗೋದಾಮಿನ ಕೀಲಿ

ಸದ್ಯಕ್ಕೆ ಮಾಡಿದ್ದು: ಶಟರ್ ಕೆಳಗಿನ ಪ್ಯಾಲೆಟ್ ತೆಗೆಸಿದೆ, ಚಾರ್ಜಿಂಗ್ ಬೇರೆ ಗೋಡೆಗೆ ಹೋಯಿತು, ಕಸ ದಿನಾ ಸಂಜೆ ಹೊರಗೆ. ಕ್ರೇಟೆಲ್ಲ ಬೋರಲು. ಫೋಮ್, ಥರ್ಮಾಕೋಲ್ ಎತ್ತರ 1.5 ಮೀಟರ್‌ಗೆ ಇಳಿಸಿದೆ, ಕಂಬಕ್ಕೆ ಕೆಂಪು ಪಟ್ಟಿ ಬಳಿಸಿದ್ದೇನೆ. ಜಾಗ ಸಾಲದೆ ಡಬ್ಬಿಗಳ ಅಟ್ಟಿ ಇನ್ನೂ ಮೂರು ಮೀಟರ್ ಇದೆ. ಅದು ತಪ್ಪು ಅಂತ ಗೊತ್ತು. ಬಾಡಿಗೆಗೆ ಇನ್ನೊಂದು ಜಾಗ ಹುಡುಕುತ್ತಿದ್ದೇವೆ.

ಡ್ರೈನ್ ತೆಗೆದು ನೋಡಿದೆವು. ನಿಂತ ಒತ್ತಡ 6 ಬಾರ್ ಇತ್ತು, ಹರಿಯುವಾಗ 2ಕ್ಕೆ ಇಳಿಯಿತು. ಹೋದ ಸಲದ್ದು ಎಲ್ಲೂ ಬರೆದಿಲ್ಲ. ಇದು ಸರಿಯಾ ತಪ್ಪಾ?

ಹಳೇ ಫಿಟ್ಟರ್

ಪಂಪ್ ಓಡ್ತಿತ್ತಾ, ಆಫ್ ಇತ್ತಾ?

ಗೋದಾಮಿನ ಕೀಲಿ

ಓಡ್ತಿತ್ತು ಅಂತ ಅಂದುಕೊಂಡಿದ್ದೆ. ಈಗ ಹೋಗಿ ನೋಡಿದರೆ ಸ್ವಿಚ್ ಮ್ಯಾನ್ಯುವಲ್‌ನಲ್ಲಿ ಇದೆ.

ಹಳೇ ಫಿಟ್ಟರ್

ಆಟೋಗೆ ಹಾಕಿ. ಆಮೇಲೆ ಮತ್ತೆ ಡ್ರೈನ್ ತೆಗೆದು ನೋಡಿ, ನಾನು ಕಾಯ್ತಿರ್ತೀನಿ.